ಶಾಲೆಯ ವರ್ಷಗಳನ್ನು ಹಂಚಿದವರು ಯಾರು: ಸಂಖ್ಯಾಶಾಸ್ತ್ರದಿಂದ ಎಕನಾಮೆಟ್ರಿಕ್ಸ್‌ಗೆ ಆರು ತಿಂಗಳು

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ಮೇಲೆ ಹನ್ನೊಂದು ವರ್ಷ ನಾನು ಮಾಡಿದ್ದು ಬೆಳೆ ಪ್ರಯೋಗಗಳ ವಿಶ್ಲೇಷಣೆ. ಹೊಲವನ್ನು ತಾಕುಗಳಾಗಿ ವಿಂಗಡಿಸಿ, ಯಾವ ತಾಕಿಗೆ ಯಾವ ತಳಿ, ಎಷ್ಟು ಸಾರಜನಕ ಎಂಬುದನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಹಂಚಿ, ಕೊಯ್ಲಿನ ನಂತರ ಇಳುವರಿಯ ಅಂಕಿಗಳನ್ನು ರಿಗ್ರೆಶನ್‌ಗೆ ಹಾಕುವುದು ನನ್ನ ಕೆಲಸವಾಗಿತ್ತು. ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಹಿರಿಯ ಸ್ನೇಹಿತೆಯೊಬ್ಬರು ಒಮ್ಮೆ ಕೂಲಿ ಮತ್ತು ಶಿಕ್ಷಣದ ಅಂಕಿಗಳನ್ನು ಕೊಟ್ಟು ನೋಡಲು ಹೇಳಿದರು. ನಾನು ಅದೇ ಕ್ರಮದಲ್ಲಿ ರಿಗ್ರೆಶನ್ ಮಾಡಿ, ಒಂದು ವರ್ಷದ ಹೆಚ್ಚಿನ ಓದು ಸಂಬಳವನ್ನು ಇಷ್ಟು ಹೆಚ್ಚಿಸುತ್ತದೆ ಎಂದು ಬರೆದುಕೊಟ್ಟೆ. ಅವರು ಓದಿ, "ಲೆಕ್ಕ ಸರಿಯಾಗಿದೆ. ಆದರೆ ನಿಮ್ಮ ಹೊಲದಲ್ಲಿ ಗೊಬ್ಬರ ಹಂಚಿದವರು ನೀವು. ಇಲ್ಲಿ ಶಾಲೆಯ ವರ್ಷಗಳನ್ನು ಹಂಚಿದವರು ಯಾರು?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಆಗಲಿಲ್ಲ. ಅರ್ಥಶಾಸ್ತ್ರದ ಇಂಥ ಪ್ರಶ್ನೆಗಳಿಗೆ ಅಂಕಿಗಳಿಂದ ಉತ್ತರ ಹುಡುಕುವ ಎಕನಾಮೆಟ್ರಿಕ್ಸ್‌ನ ಆರು ತಿಂಗಳ ಓದು ಶುರುವಾದದ್ದು ಅಲ್ಲಿಂದ.

ವಾರದ ದಿನಗಳಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ, ಭಾನುವಾರ ಮೂರು ಗಂಟೆ, ಶನಿವಾರ ಬಿಡುವು. ಹೀಗೆ ವಾರಕ್ಕೆ ಹತ್ತು ಗಂಟೆಯ ಆಸುಪಾಸು ಸಿಗುತ್ತಿತ್ತು. ಮುಖ್ಯ ಪಠ್ಯವಾಗಿ ವೂಲ್ಡ್‌ರಿಡ್ಜ್ ಅವರ ಪ್ರವೇಶ ಹಂತದ ಪುಸ್ತಕವನ್ನು ಆರಿಸಿಕೊಂಡೆ. ಅದರ ಎಲ್ಲ ದತ್ತಾಂಶಗಳೂ ಆರ್ ಭಾಷೆಯ `wooldridge` ಪ್ಯಾಕೇಜಿನಲ್ಲಿ ಉಚಿತವಾಗಿ ದೊರೆಯುವುದರಿಂದ ಪ್ರತಿ ಉದಾಹರಣೆಯನ್ನೂ ಕೈಯಾರೆ ಮಾಡಿ ನೋಡಬಹುದು ಎಂಬುದು ಆ ಆಯ್ಕೆಗೆ ಕಾರಣ. ಮೊದಲು ಬರೆದುಕೊಂಡ ಯೋಜನೆ ಪುಸ್ತಕದ ಪರಿವಿಡಿಯ ನಕಲಿನಂತಿತ್ತು: ತಿಂಗಳಿಗೆ ಮೂರು ಅಧ್ಯಾಯ, ಕೊನೆಯಲ್ಲಿ ಕಾಲಶ್ರೇಣಿ. ಮೂರನೆಯ ವಾರಕ್ಕೆ ಅದನ್ನು ಕೈಬಿಟ್ಟೆ. ಮೊದಲ ಅಧ್ಯಾಯಗಳ ಸೂತ್ರಗಳೆಲ್ಲ ಮೊದಲೇ ಗೊತ್ತಿದ್ದವು, ಹಾಗಾಗಿ ವೇಗವಾಗಿ ಓದಿ ಮುಗಿಸುತ್ತಿದ್ದೆ, ಆದರೆ ಆ ಹಿರಿಯರ ಪ್ರಶ್ನೆಗೆ ಒಂದು ಹೆಜ್ಜೆಯೂ ಹತ್ತಿರವಾಗಿರಲಿಲ್ಲ. ಅಧ್ಯಾಯಗಳ ಬದಲು ಒಂದೇ ಪ್ರಶ್ನೆಯನ್ನು, ಅಂದರೆ ಓದಿನ ಒಂದು ವರ್ಷ ಸಂಬಳವನ್ನು ಎಷ್ಟು ಹೆಚ್ಚಿಸುತ್ತದೆ ಎಂಬುದನ್ನು, ಆರು ತಿಂಗಳೂ ಹಿಡಿದು ಹೋಗುವುದೆಂದು ತೀರ್ಮಾನಿಸಿದೆ. ಕಾಲಶ್ರೇಣಿಯನ್ನು ಯೋಜನೆಯಿಂದ ಪೂರ್ತಿಯಾಗಿ ತೆಗೆದೆ. ಸಂಖ್ಯಾಶಾಸ್ತ್ರ ಓದಿದವರಿಗೆ ಅದು ಪರಿಚಿತ ನೆಲ, ಅಲ್ಲಿಗೆ ಹೋದರೆ ಕಷ್ಟದ ಭಾಗವನ್ನು ಮುಂದೂಡಿದಂತಾಗುತ್ತದೆ ಎಂದು ನನಗೆ ಅನಿಸಿತು.

ಮೊದಲ ತಿಂಗಳು ಮಾಡಿದ್ದು ದೋಷಪದವನ್ನು ಮತ್ತೊಮ್ಮೆ ಅರ್ಥಮಾಡಿಕೊಳ್ಳುವ ಕೆಲಸ. ಬೆಳೆ ಪ್ರಯೋಗದಲ್ಲಿ ದೋಷಪದವೆಂದರೆ ಮಣ್ಣಿನ ವ್ಯತ್ಯಾಸ, ಹವೆ, ಅಳತೆಯ ಸಣ್ಣಪುಟ್ಟ ತಪ್ಪು. ಅದಕ್ಕೂ ಗೊಬ್ಬರಕ್ಕೂ ಸಂಬಂಧವಿಲ್ಲ, ಏಕೆಂದರೆ ಗೊಬ್ಬರ ಹಂಚಿದ್ದು ಚೀಟಿ. ಸಂಬಳದ ಸಮೀಕರಣದಲ್ಲಿ ದೋಷಪದದೊಳಗೆ ಮನೆಯ ಪರಿಸ್ಥಿತಿ, ಬುದ್ಧಿಶಕ್ತಿ, ಛಲ ಎಲ್ಲವೂ ಇರುತ್ತವೆ, ಮತ್ತು ಯಾರು ಎಷ್ಟು ಓದುತ್ತಾರೆ ಎಂಬುದನ್ನು ನಿರ್ಧರಿಸುವುದೂ ಅವೇ. ಇದನ್ನು ಓದಿ ಒಪ್ಪುವುದು ಸುಲಭ. ನನಗೆ ಅದು ಮನದಟ್ಟಾದದ್ದು, ಉತ್ತರ ಮೊದಲೇ ಗೊತ್ತಿರುವ ದತ್ತಾಂಶವನ್ನು ನಾನೇ ಸೃಷ್ಟಿಸಿ ನೋಡಿದಾಗ.

```r
set.seed(1)
n <- 5000
a <- rnorm(n)
s <- 10 + 1.5*a + rnorm(n, 0, 2)
y <- 1 + 0.08*s + 0.10*a + rnorm(n, 0, 0.4)
coef(lm(y ~ s))
coef(lm(y ~ s + a))
```

ಇಲ್ಲಿ `a` ಎಂಬುದು ಕಣ್ಣಿಗೆ ಕಾಣದ ಸಾಮರ್ಥ್ಯ, `s` ಓದಿದ ವರ್ಷ, `y` ಸಂಬಳದ ಲಾಗ್. ಒಂದು ವರ್ಷದ ಓದಿನ ನಿಜವಾದ ಪರಿಣಾಮ 0.08 ಎಂದು ನಾನೇ ಬರೆದಿದ್ದೇನೆ. ಸಾಮರ್ಥ್ಯವನ್ನು ಬಿಟ್ಟು ರಿಗ್ರೆಶನ್ ಮಾಡಿದರೆ ಗುಣಾಂಕ 0.104ರ ಹತ್ತಿರ ಬರುತ್ತದೆ. ಏಕೆ ಅಷ್ಟೇ ಎಂಬುದನ್ನು ಕಾಗದದ ಮೇಲೂ ಲೆಕ್ಕ ಹಾಕಬಹುದು: `s` ಮತ್ತು `a` ನಡುವಿನ ಸಹವೇರಿಯನ್ಸ್ 1.5, `s`ನ ವೇರಿಯನ್ಸ್ 1.5ರ ವರ್ಗ ಮತ್ತು 2ರ ವರ್ಗ ಸೇರಿ 6.25, ಅವುಗಳ ಅನುಪಾತ 0.24, ಅದನ್ನು ಸಾಮರ್ಥ್ಯದ ಪರಿಣಾಮವಾದ 0.10ರಿಂದ ಗುಣಿಸಿದರೆ 0.024. ಗುಣಾಂಕ ನಿಜಕ್ಕಿಂತ ಅಷ್ಟು ಹೆಚ್ಚು.

ನಂತರ `n` ಅನ್ನು ಐದು ಲಕ್ಷಕ್ಕೆ ಏರಿಸಿದೆ. ಗುಣಾಂಕ 0.104ರಲ್ಲೇ ನಿಂತಿತು, ಪ್ರಮಾಣಿತ ದೋಷ ಮಾತ್ರ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ದತ್ತಾಂಶ ಹೆಚ್ಚಿದಷ್ಟೂ ತಪ್ಪು ಉತ್ತರದ ಮೇಲಿನ ವಿಶ್ವಾಸವೇ ಬಲವಾಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡೆ. ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಲಕಿತು. ಮಾದರಿ ಸರಿಯಿದೆಯೇ ಎಂದು ನೋಡಲು ಉಳಿಕೆಗಳನ್ನು ಪರೀಕ್ಷಿಸುವುದು ನನ್ನ ವರ್ಷಗಳ ಅಭ್ಯಾಸ, ಅದರಂತೆ ಉಳಿಕೆಗೂ `s`ಗೂ ಇರುವ ಸಹಸಂಬಂಧವನ್ನು ಲೆಕ್ಕ ಹಾಕಿದೆ. ಶೂನ್ಯ ಬಂತು. ಕನಿಷ್ಠ ವರ್ಗ ವಿಧಾನ ಗುಣಾಂಕವನ್ನು ಆರಿಸುವುದೇ ಆ ಸಹಸಂಬಂಧ ಶೂನ್ಯವಾಗುವಂತೆ, ಹಾಗಾಗಿ ನಿಜವಾದ ದೋಷಪದ ಓದಿನ ಜೊತೆ ಎಷ್ಟೇ ಬೆರೆತಿದ್ದರೂ ಉಳಿಕೆಯಲ್ಲಿ ಅದರ ಸುಳಿವು ಸಿಗುವುದಿಲ್ಲ. ಈ ರೋಗ ದತ್ತಾಂಶದಲ್ಲಿ ಕಾಣಿಸಿಕೊಳ್ಳುವುದಿಲ್ಲ. ದತ್ತಾಂಶ ಹುಟ್ಟಿದ ಬಗೆಯನ್ನು ವಿಚಾರಿಸಿಯೇ ಅದನ್ನು ಕಂಡುಹಿಡಿಯಬೇಕು.

ಎರಡನೆಯ ತಿಂಗಳಲ್ಲಿ ನನ್ನ ಇನ್ನೊಂದು ಹಳೆಯ ಅಭ್ಯಾಸ ನನ್ನನ್ನು ಎಡವಿಸಿತು. 1976ರ ಅಮೆರಿಕದ 526 ನೌಕರರ ಮಾಹಿತಿಯಿರುವ `wage1` ದತ್ತಾಂಶದಲ್ಲಿ ಓದೊಂದನ್ನೇ ಹಾಕಿದರೆ ಗುಣಾಂಕ 0.083, ಅನುಭವ ಮತ್ತು ಅದೇ ಕೆಲಸದಲ್ಲಿ ಕಳೆದ ವರ್ಷಗಳನ್ನು ಸೇರಿಸಿದರೆ 0.092. ನಾನು ಅಲ್ಲಿಗೆ ನಿಲ್ಲದೆ, ಮಾದರಿಯನ್ನು ಉತ್ತಮಗೊಳಿಸಲು ಉದ್ಯೋಗದ ಬಗೆಯನ್ನು ಸೂಚಿಸುವ ಚಲಕಗಳನ್ನೂ ಸೇರಿಸಿದೆ. R² ಏರಿತು, ಎಐಸಿ ಇಳಿಯಿತು, ಓದಿನ ಗುಣಾಂಕವೂ ಇಳಿಯಿತು. ಈ ಮಾದರಿಯೇ ಮೇಲು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೆ. ವಾರದ ನಂತರ ಅದನ್ನು ಹೊಡೆದು ಹಾಕಬೇಕಾಯಿತು. ಓದಿನಿಂದ ಸಂಬಳ ಹೆಚ್ಚುವ ದಾರಿಗಳಲ್ಲಿ ಮುಖ್ಯವಾದದ್ದೇ ಒಳ್ಳೆಯ ಉದ್ಯೋಗ ಸಿಗುವುದು. ಉದ್ಯೋಗವನ್ನು ಸ್ಥಿರವಾಗಿಟ್ಟರೆ, ಓದಿದ ಗುಮಾಸ್ತನನ್ನು ಕಡಿಮೆ ಓದಿದ ಗುಮಾಸ್ತನಿಗೆ ಹೋಲಿಸಿದಂತಾಗುತ್ತದೆ, ಓದಿನ ಫಲದ ಒಂದು ದೊಡ್ಡ ಪಾಲನ್ನು ನಾವೇ ಕತ್ತರಿಸಿ ಹಾಕಿದಂತಾಗುತ್ತದೆ. ಮುನ್ಸೂಚನೆ ನನ್ನ ಗುರಿಯಾಗಿದ್ದರೆ ಆ ಚಲಕಗಳು ಬೇಕೇ ಬೇಕು. ಪರಿಣಾಮ ತಿಳಿಯುವುದು ಗುರಿಯಾಗಿದ್ದರೆ, ಓದಿನ ನಂತರ, ಅದರ ಫಲವಾಗಿ ಹುಟ್ಟುವ ಚಲಕವನ್ನು ನಿಯಂತ್ರಣಕ್ಕೆ ಬಳಸಬಾರದು. ಅಂದಿನಿಂದ ಪ್ರತಿ ನಿಯಂತ್ರಣ ಚಲಕದ ಎದುರು, ಇದು ಓದು ಮುಗಿಯುವ ಮೊದಲು ನಿರ್ಧಾರವಾದದ್ದೋ, ನಂತರದ್ದೋ ಎಂದು ಒಂದು ಸಾಲು ಬರೆದಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಪ್ರಮಾಣಿತ ದೋಷಗಳ ತಿದ್ದುಪಡಿ, ಅಂದರೆ ವೇರಿಯನ್ಸ್ ಅಸಮಾನವಾಗಿದ್ದಾಗಿನ ರೋಬಸ್ಟ್ ಲೆಕ್ಕ ಮತ್ತು ಗುಂಪುಗಳ ಒಳಗಿನ ಕ್ಲಸ್ಟರ್ ಲೆಕ್ಕ, ಅದೇ ತಿಂಗಳ ಕೊನೆಯ ಹತ್ತು ದಿನಗಳಲ್ಲಿ ಮುಗಿಯಿತು. ಸಂಖ್ಯಾಶಾಸ್ತ್ರದಿಂದ ಬಂದವರಿಗೆ ಅಲ್ಲಿ ಹೆಚ್ಚು ತೊಡಕಿಲ್ಲ.

ಮೂರನೆಯ ತಿಂಗಳು ಮತ್ತು ನಾಲ್ಕನೆಯದರ ಅರ್ಧ ಇನ್‌ಸ್ಟ್ರುಮೆಂಟ್ ಚಲಕಕ್ಕೆ ಹೋಯಿತು. ಯೋಜನೆಯಲ್ಲಿ ಮೂರೇ ವಾರ ಕೊಟ್ಟಿದ್ದೆ. ಓದನ್ನು ಬದಲಿಸುವ, ಆದರೆ ಸಂಬಳವನ್ನು ಬೇರೆ ಯಾವ ದಾರಿಯಿಂದಲೂ ಮುಟ್ಟದ ಒಂದು ಸಂಗತಿಯನ್ನು ಹುಡುಕಿ, ಅದರಿಂದ ಓದಿನಲ್ಲಾದ ಬದಲಾವಣೆಯನ್ನಷ್ಟೇ ಬಳಸಿ ಲೆಕ್ಕ ಹಾಕುವುದು ಇದರ ತಿರುಳು. ನಮ್ಮ ಹೊಲದ ಚೀಟಿಯ ಜಾಗದಲ್ಲಿ ಜಗತ್ತೇ ಹಾಕಿಕೊಟ್ಟ ಒಂದು ಚೀಟಿಯನ್ನು ಹುಡುಕುವುದು ಎನ್ನಬಹುದು. ನಾನು ಮೊದಲು ಹಿಡಿದದ್ದು 1975ರ ಅಮೆರಿಕದ 753 ವಿವಾಹಿತ ಮಹಿಳೆಯರ `mroz` ದತ್ತಾಂಶ. ಅವರಲ್ಲಿ ಸಂಬಳಕ್ಕೆ ದುಡಿಯುತ್ತಿದ್ದವರು 428 ಮಂದಿ. ಇನ್‌ಸ್ಟ್ರುಮೆಂಟ್ ಆಗಿ ಬಳಸುವುದು ತಂದೆಯ ಓದನ್ನು.

```r
library(wooldridge)
library(AER)
w   <- subset(mroz, inlf == 1)
ols <- lm(lwage ~ educ, data = w)
iv  <- ivreg(lwage ~ educ | fatheduc, data = w)
summary(iv, diagnostics = TRUE)
```

ಸಾಮಾನ್ಯ ರಿಗ್ರೆಶನ್ ಕೊಡುವ ಗುಣಾಂಕ 0.109, ಪ್ರಮಾಣಿತ ದೋಷ 0.014. ಒಂದು ವರ್ಷದ ಓದಿಗೆ ಸಂಬಳ ಸುಮಾರು ಶೇಕಡಾ 11 ಹೆಚ್ಚು ಎಂದು ಅರ್ಥ. ಇನ್‌ಸ್ಟ್ರುಮೆಂಟ್ ಬಳಸಿದರೆ ಗುಣಾಂಕ 0.059ಕ್ಕೆ ಇಳಿಯುತ್ತದೆ, ಪ್ರಮಾಣಿತ ದೋಷ 0.035ಕ್ಕೆ ಏರುತ್ತದೆ. ನನ್ನ ಕೃತಕ ದತ್ತಾಂಶದಲ್ಲಿ ಕಂಡಂತೆ, ಸಾಮರ್ಥ್ಯ ಸೇರಿಕೊಂಡು ಉಬ್ಬಿದ್ದ ಗುಣಾಂಕ ಈಗ ಸರಿಯಾದ ಜಾಗಕ್ಕೆ ಬಂತು ಎಂದುಕೊಂಡು ಬಹಳ ಸಂತೋಷಪಟ್ಟೆ. ಆದರೆ ವಿಶ್ವಾಸಾಂತರ ಬರೆದಾಗ ಅದು −0.01ರಿಂದ 0.13ರ ತನಕ ಹರಡಿತ್ತು. ಅದರೊಳಗೆ ಶೂನ್ಯವೂ ಇದೆ, ಹಳೆಯ 0.109 ಕೂಡ ಇದೆ. ಅಂದರೆ ಎರಡು ಉತ್ತರಗಳು ಬೇರೆ ಎಂದು ಹೇಳಲು ಈ ದತ್ತಾಂಶಕ್ಕೆ ಶಕ್ತಿಯಿಲ್ಲ. ಪ್ರಮಾಣಿತ ದೋಷ ಇಷ್ಟು ಹಿಗ್ಗಿದ್ದೇಕೆ ಎಂದು ಹುಡುಕುತ್ತಾ ಹೋದಾಗ ಒಂದು ಸರಳ ಸಂಬಂಧ ಸಿಕ್ಕಿತು. ತಂದೆಯ ಓದು ಮಗಳ ಓದಿನ ವ್ಯತ್ಯಾಸದಲ್ಲಿ ವಿವರಿಸುವುದು ಶೇಕಡಾ 17ರಷ್ಟನ್ನು ಮಾತ್ರ, ಅಂದರೆ ಅವುಗಳ ಸಹಸಂಬಂಧ 0.42ರ ಹತ್ತಿರ. 0.014 ಅನ್ನು 0.42ರಿಂದ ಭಾಗಿಸಿ ನೋಡಿ, 0.033 ಬರುತ್ತದೆ. ಉಳಿದ ಶೇಕಡಾ 83 ವ್ಯತ್ಯಾಸವನ್ನು ನಾವಾಗಿಯೇ ಬಿಟ್ಟುಕೊಡುತ್ತೇವೆ, ಅದರ ಬೆಲೆಯೇ ಈ ಹಿಗ್ಗಿದ ಪ್ರಮಾಣಿತ ದೋಷ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು: ಮೊದಲು ತಂದೆಯ ಓದಿನಿಂದ ಮಗಳ ಓದನ್ನು ಅಂದಾಜಿಸುವುದು, ನಂತರ ಆ ಅಂದಾಜಿನ ಮೇಲೆ ಸಂಬಳವನ್ನು ರಿಗ್ರೆಶನ್ ಮಾಡುವುದು ಎಂಬ ಎರಡು ಹಂತಗಳನ್ನು `lm` ಬಳಸಿ ಕೈಯಾರೆ ಮಾಡಿದರೆ ಗುಣಾಂಕ ಸರಿಯಾಗಿಯೇ ಬರುತ್ತದೆ, ಪ್ರಮಾಣಿತ ದೋಷ ತಪ್ಪಾಗುತ್ತದೆ, ಏಕೆಂದರೆ ಎರಡನೆಯ ಹಂತದ ಉಳಿಕೆಗಳನ್ನು ನಿಜವಾದ ಓದಿನ ಬದಲು ಅಂದಾಜಿಸಿದ ಓದಿನಿಂದ ಕಳೆದು ಪಡೆದಿರುತ್ತೇವೆ. ನಾನು ಎರಡು ವಾರ ಆ ತಪ್ಪು ಅಂಕಿಯನ್ನೇ ಇಟ್ಟುಕೊಂಡಿದ್ದೆ.

ಮುಂದಿನ ದತ್ತಾಂಶ `card`. ಡೇವಿಡ್ ಕಾರ್ಡ್ 1976ರ 3,010 ಯುವಕರ ಸಂಬಳವನ್ನು ಪರಿಶೀಲಿಸಿ, ಬೆಳೆದ ಊರಿನ ಸಮೀಪ ನಾಲ್ಕು ವರ್ಷದ ಕಾಲೇಜು ಇತ್ತೇ ಎಂಬುದನ್ನು ಇನ್‌ಸ್ಟ್ರುಮೆಂಟ್ ಆಗಿ ಬಳಸಿದರು. ಇದೇ ಕಾರ್ಡ್ ಅವರಿಗೆ 2021ರಲ್ಲಿ ಜೋಶುವಾ ಆಂಗ್ರಿಸ್ಟ್ ಮತ್ತು ಗೀಡೊ ಇಂಬೆನ್ಸ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಕಾಲೇಜು ಹತ್ತಿರವಿದ್ದವರು, ಜನಾಂಗ, ಪ್ರದೇಶ ಮುಂತಾದವನ್ನು ಸ್ಥಿರವಾಗಿಟ್ಟರೆ, ಸರಾಸರಿ 0.32 ವರ್ಷ ಹೆಚ್ಚು ಓದಿದ್ದರು. ಸಾಮಾನ್ಯ ರಿಗ್ರೆಶನ್ ಪ್ರಕಾರ ಓದಿನ ಗುಣಾಂಕ 0.075. ಇನ್‌ಸ್ಟ್ರುಮೆಂಟ್ ಬಳಸಿದರೆ ಅದು ಇಳಿಯಬೇಕೆಂದು ನಾನು ಕೋಡ್ ಓಡಿಸುವ ಮೊದಲೇ ಪುಸ್ತಕದ ಅಂಚಿನಲ್ಲಿ ಬರೆದಿದ್ದೆ. ಬಂದ ಉತ್ತರ 0.132, ಪ್ರಮಾಣಿತ ದೋಷ 0.055.

ಉಬ್ಬಿದ ಗುಣಾಂಕ ಇಳಿಯುವ ಬದಲು ಏರಿದ್ದೇಕೆ? ಈ ಒಂದು ಪ್ರಶ್ನೆಯ ಮೇಲೆ ನಾನು ಸುಮಾರು ಮೂರು ವಾರ ಕಳೆದೆ, ಇಡೀ ಆರು ತಿಂಗಳಲ್ಲಿ ಅತ್ಯಂತ ಹೆಚ್ಚು ಕಲಿತದ್ದು ಆ ಮೂರು ವಾರಗಳಲ್ಲಿ. ಮೊದಲ ಅನುಮಾನ ಇನ್‌ಸ್ಟ್ರುಮೆಂಟ್ ದುರ್ಬಲವಾಗಿರಬಹುದು ಎಂಬುದು. ಮೊದಲ ಹಂತದ F ಮೌಲ್ಯ 10ಕ್ಕಿಂತ ಹೆಚ್ಚಿರಬೇಕು ಎಂಬ ಸ್ಟೈಗರ್ ಮತ್ತು ಸ್ಟಾಕ್ ಅವರ ವಾಡಿಕೆಯ ಅಳತೆಯನ್ನು ಇದು ಸುಮಾರು 13ರೊಂದಿಗೆ ದಾಟುತ್ತದೆ, ಆದರೆ ಸ್ವಲ್ಪದರಲ್ಲಿ. `mroz`ನಲ್ಲಿ ಅದು 89ರ ಹತ್ತಿರವಿತ್ತು. ಎರಡನೆಯ ಅನುಮಾನ, ಕಾಲೇಜಿನ ಸಾಮೀಪ್ಯ ನಿಜವಾಗಿಯೂ ಚೀಟಿಯಂತೆ ಹಂಚಿದ್ದೇ ಎಂಬುದು. ಈ ದತ್ತಾಂಶದಲ್ಲಿ ಕೆಲವರ ಐಕ್ಯೂ ಅಂಕವೂ ಇದೆ. ಅದನ್ನು ಸಾಮೀಪ್ಯದ ಮೇಲೆ ರಿಗ್ರೆಶನ್ ಮಾಡಿದರೆ, ಕಾಲೇಜಿನ ಹತ್ತಿರ ಬೆಳೆದವರ ಐಕ್ಯೂ ಸ್ಪಷ್ಟವಾಗಿ ಹೆಚ್ಚು. 1966ರಲ್ಲಿ ಯಾವ ಪ್ರದೇಶದಲ್ಲಿದ್ದರು, ನಗರ ವಲಯದಲ್ಲಿದ್ದರೇ ಎಂಬ ಚಲಕಗಳನ್ನು ಸೇರಿಸಿದಾಗ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅಂದರೆ ಪ್ರದೇಶದ ಚಲಕಗಳಿಲ್ಲದೆ ಈ ಇನ್‌ಸ್ಟ್ರುಮೆಂಟ್ ನಿಲ್ಲುವುದಿಲ್ಲ. ಅವುಗಳೊಂದಿಗೆ ನಿಲ್ಲಬಹುದು, ಅಷ್ಟೇ. ನಿಲ್ಲುತ್ತದೆ ಎಂದು ಸಾಧಿಸುವ ಪರೀಕ್ಷೆ, ಒಂದೇ ಇನ್‌ಸ್ಟ್ರುಮೆಂಟ್ ಇರುವಾಗ, ಇಲ್ಲ.

ಮೂರನೆಯ ವಿವರಣೆಯನ್ನು ಇಂಬೆನ್ಸ್ ಮತ್ತು ಆಂಗ್ರಿಸ್ಟ್ 1994ರಲ್ಲಿ ಮುಂದಿಟ್ಟ ವಿಚಾರ ಕೊಡುತ್ತದೆ, ಮತ್ತು ನನಗೆ ಅದೇ ಹೆಚ್ಚು ಹಿಡಿಸಿತು. ಇನ್‌ಸ್ಟ್ರುಮೆಂಟ್ ಅಳೆಯುವುದು ಎಲ್ಲರ ಸರಾಸರಿ ಪರಿಣಾಮವನ್ನಲ್ಲ, ಆ ಇನ್‌ಸ್ಟ್ರುಮೆಂಟಿನಿಂದಾಗಿ ಯಾರ ನಿರ್ಧಾರ ಬದಲಾಯಿತೋ ಅವರ ಪರಿಣಾಮವನ್ನು. ಕಾಲೇಜು ಎಷ್ಟೇ ದೂರವಿದ್ದರೂ ಉಳ್ಳವರ ಮಗ ಹೋಗುತ್ತಿದ್ದ. ಪಕ್ಕದಲ್ಲೇ ಇದ್ದರೂ ಕೆಲವರು ಹೋಗುತ್ತಿರಲಿಲ್ಲ. ಹತ್ತಿರವಿದ್ದ ಒಂದೇ ಕಾರಣಕ್ಕೆ ಓದಿದವನು ಮನೆಯಿಂದ ದೂರ ಇರಿಸಿ ಓದಿಸಲು ಆಗದ ಕುಟುಂಬದವನು. ಅವನನ್ನು ತಡೆದದ್ದು ಖರ್ಚೇ ಆಗಿದ್ದರೆ, ಅವನಿಗೆ ಓದಿನ ಫಲ ಸರಾಸರಿಗಿಂತ ಹೆಚ್ಚಿರುವುದು ಸಹಜ. ಅಳತೆಯ ದೋಷವೂ ಒಂದು ಕಾರಣವಿರಬಹುದು, ಏಕೆಂದರೆ ಓದಿದ ವರ್ಷಗಳನ್ನು ಜನ ತಪ್ಪಾಗಿ ಹೇಳಿದರೆ ಸಾಮಾನ್ಯ ರಿಗ್ರೆಶನ್‌ನ ಗುಣಾಂಕ ಶೂನ್ಯದ ಕಡೆಗೆ ಕುಗ್ಗುತ್ತದೆ. ಇದೆಲ್ಲ ತಿಳಿದ ಮೇಲೆ `mroz`ಗೆ ಹಿಂತಿರುಗಿ, ಅಲ್ಲಿ ನಾನು ಪಟ್ಟ ಸಂತೋಷವನ್ನು ಮರುಪರಿಶೀಲಿಸಿದೆ. ಹೆಚ್ಚು ಓದಿದ ತಂದೆ ಮಗಳಿಗೆ ಓದನ್ನಷ್ಟೇ ಕೊಡುವುದಿಲ್ಲ, ಮಾತು, ಸಂಪರ್ಕ, ಧೈರ್ಯ ಇವನ್ನೂ ಕೊಡುತ್ತಾನೆ. 0.059 ನಿರೀಕ್ಷೆಯಂತೆ ಬಂತು ಎಂಬುದು ಅದು ಸರಿ ಎನ್ನಲು ಆಧಾರವಾಗಿರಲಿಲ್ಲ.

ನಾಲ್ಕನೆಯ ತಿಂಗಳ ಉಳಿದ ಭಾಗ ಮತ್ತು ಐದನೆಯ ತಿಂಗಳು ಕಾಲದ ಮೊದಲು–ನಂತರದ ಹೋಲಿಕೆಗೆ ಮೀಸಲಾಯಿತು. ಇದರಲ್ಲಿ ನನಗೆ ಬೆಳೆ ಪ್ರಯೋಗದ ಅನುಭವ ನೆರವಾಯಿತು, ಹಾಗಾಗಿ ಒಂದೇ ಉದಾಹರಣೆ ಹೇಳುತ್ತೇನೆ. ಮ್ಯಾಸಚೂಸೆಟ್ಸ್‌ನ ನಾರ್ತ್ ಆಂಡೋವರ್‌ನಲ್ಲಿ ಕಸ ಸುಡುವ ಘಟಕ ಬರುವ ಸುದ್ದಿ 1978ರ ನಂತರ ಹಬ್ಬಿತು, 1981ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. 1981ರಲ್ಲಿ ಘಟಕದ ಹತ್ತಿರದ ಮನೆಗಳ ಬೆಲೆ ದೂರದವುಗಳಿಗಿಂತ ಸರಾಸರಿ 30,688 ಡಾಲರ್ ಕಡಿಮೆ. ಘಟಕವೇ ಇದಕ್ಕೆ ಕಾರಣ ಎನ್ನುವ ಮೊದಲು 1978ರ ಅಂಕಿ ನೋಡಿದರೆ, ಆಗಲೂ ಅದೇ ಜಾಗದ ಮನೆಗಳು 18,824 ಡಾಲರ್ ಅಗ್ಗವಾಗಿದ್ದವು. ಅಗ್ಗದ ಜಾಗವನ್ನೇ ಘಟಕಕ್ಕೆ ಆರಿಸಿದ್ದರು. ವ್ಯತ್ಯಾಸಗಳ ವ್ಯತ್ಯಾಸ 11,864 ಡಾಲರ್, ಪ್ರಮಾಣಿತ ದೋಷ 7,457. ಮನೆಯ ವಯಸ್ಸು, ವಿಸ್ತೀರ್ಣ, ಕೋಣೆಗಳು ಮುಂತಾದವನ್ನು ಸೇರಿಸಿದಾಗ ಅಂದಾಜು 14,178ಕ್ಕೆ ಬದಲಾಗಿ ಪ್ರಮಾಣಿತ ದೋಷ 4,987ಕ್ಕೆ ಇಳಿಯುತ್ತದೆ. ನಿಯಂತ್ರಣ ಚಲಕಗಳು ನಿಖರತೆಯನ್ನು ಹೆಚ್ಚಿಸುವುದು ನಾನು ಹೊಲದಲ್ಲಿ ಕಂಡಿದ್ದ ವಿಷಯವೇ. ಹೊಸದಾಗಿದ್ದದ್ದು, ಘಟಕ ಬರದಿದ್ದರೆ ಎರಡೂ ಜಾಗಗಳ ಬೆಲೆ ಸಮಾನಾಂತರವಾಗಿ ಸಾಗುತ್ತಿತ್ತು ಎಂಬ ಊಹೆ. ಎರಡೇ ವರ್ಷಗಳ ಅಂಕಿಯಿಂದ ಅದನ್ನು ಪರಿಶೀಲಿಸುವ ದಾರಿಯಿಲ್ಲ. 1978ಕ್ಕಿಂತ ಹಿಂದಿನ ವರ್ಷಗಳೂ ಬೇಕಾಗುತ್ತವೆ.

ಆರನೆಯ ತಿಂಗಳು ಕರ್ನಾಟಕದ ಅಂಕಿಗಳಿಗೆ ಬಂದೆ. ರಾಷ್ಟ್ರೀಯ ಅಂಕಿಅಂಶ ಕಚೇರಿ 2017ರಿಂದ ನಡೆಸುತ್ತಿರುವ, ಜನರ ಉದ್ಯೋಗ ಮತ್ತು ಗಳಿಕೆಯನ್ನು ವಿಚಾರಿಸುವ ಪಿಎಲ್‌ಎಫ್‌ಎಸ್ ಸಮೀಕ್ಷೆಯ ವ್ಯಕ್ತಿವಾರು ದತ್ತಾಂಶವನ್ನು ಹೆಸರು ನೋಂದಾಯಿಸಿ ಉಚಿತವಾಗಿ ಪಡೆಯಬಹುದು. ಮೊದಲ ವಾರ ಕಡತಗಳನ್ನು ಓದಿಸುವುದರಲ್ಲೇ ಕಳೆಯಿತು: ಯಾವ ಅಂಕಣ ಎಲ್ಲಿ ಶುರುವಾಗುತ್ತದೆ ಎಂಬುದನ್ನು ವಿನ್ಯಾಸದ ಹಾಳೆ ನೋಡಿ ಗುರುತಿಸಬೇಕು, ಗುಣಕ ತೂಕವನ್ನು ಬಳಸಬೇಕು, ಒಂದೇ ಹಳ್ಳಿ ಅಥವಾ ನಗರ ಬ್ಲಾಕಿನಿಂದ ಆಯ್ದ ಮನೆಗಳಿಗೆ ಕ್ಲಸ್ಟರ್ ಪ್ರಮಾಣಿತ ದೋಷ ಹಾಕಬೇಕು. ಸಂಬಳದಾರರಿಗೆ ಹಿಂದಿನ ತಿಂಗಳ ಗಳಿಕೆ ಕೇಳಿದ್ದರೆ, ದಿನಗೂಲಿಯವರಿಗೆ ವಾರದ ದಿನವಾರು ಗಳಿಕೆ ಕೇಳಿದ್ದಾರೆ, ಅವೆರಡನ್ನು ಬೆರೆಸಬಾರದು ಎಂದು ಸಂಬಳದಾರರನ್ನಷ್ಟೇ ಇಟ್ಟುಕೊಂಡೆ.

ತಂದೆಯ ಓದನ್ನು ಇನ್‌ಸ್ಟ್ರುಮೆಂಟ್ ಆಗಿ ಬಳಸುವುದು ದುರ್ಬಲ ವಾದವೆಂದು ತಿಳಿದಿದ್ದರೂ, ಅಭ್ಯಾಸಕ್ಕೆಂದು `mroz`ನ ಲೆಕ್ಕವನ್ನು ಇಲ್ಲಿ ಮಾಡಿ ನೋಡಲು ಹೊರಟೆ. ಯಜಮಾನನಿಗಿರುವ ಸಂಬಂಧದ ಸಂಕೇತದಿಂದ ತಂದೆ ಮಕ್ಕಳನ್ನು ಜೋಡಿಸಿದಾಗ ತೊಂದರೆ ಎದುರಾಯಿತು. ಸಮೀಕ್ಷೆಯಲ್ಲಿ ಬರುವವರು ಒಂದೇ ಮನೆಯಲ್ಲಿ ವಾಸಿಸುವವರು ಮಾತ್ರ. ಹಾಗಾಗಿ ತಂದೆಯ ಓದು ಸಿಗುವುದು ತಂದೆಯೊಂದಿಗೇ ಇರುವ ಮಕ್ಕಳಿಗಷ್ಟೇ. ಓದಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮಗ ಈ ಜೋಡಣೆಯಿಂದ ಹೊರಗೆ, ಮದುವೆಯಾಗಿ ಹೋದ ಮಗಳು ಬಹುತೇಕ ಹೊರಗೆ. ಉಳಿದವರು ಹೆಚ್ಚಾಗಿ ಚಿಕ್ಕ ವಯಸ್ಸಿನ, ಮನೆ ಬಿಡದ ಗಂಡು ಮಕ್ಕಳು. ಓದು ಮತ್ತು ಸಂಬಳ ಎರಡೂ ಮನೆ ಬಿಡುವ ನಿರ್ಧಾರವನ್ನು ಪ್ರಭಾವಿಸುವುದರಿಂದ, ಈ ಆಯ್ಕೆಯೇ ಹೊಸ ಪಕ್ಷಪಾತವನ್ನು ತರುತ್ತದೆ, ಅದು ಯಾವ ದಿಕ್ಕಿಗೆ ಎಂಬುದನ್ನೂ ಖಚಿತವಾಗಿ ಹೇಳಲಾಗದು. ಎರಡು ವಾರ ಪ್ರಯತ್ನಿಸಿ ಆ ಭಾಗವನ್ನು ಕೈಬಿಟ್ಟೆ.

ಕೊನೆಗೆ ಹಿರಿಯ ಸ್ನೇಹಿತೆಗೆ ಕೊಟ್ಟದ್ದು ಎರಡು ಪುಟದ ಟಿಪ್ಪಣಿ. ಅದರಲ್ಲಿ ವಯಸ್ಸು, ಲಿಂಗ, ಗ್ರಾಮ–ನಗರ ಮತ್ತು ಜಿಲ್ಲೆಯನ್ನು ಸ್ಥಿರವಾಗಿಟ್ಟು ಓದಿನ ಹಂತಗಳ ನಡುವಿನ ಸಂಬಳದ ಅಂತರವನ್ನು ಬರೆದೆ. ಉದ್ಯೋಗದ ಚಲಕ ಅಲ್ಲಿಲ್ಲ. ಪ್ರತಿ ಅಂಕಿಯ ಕೆಳಗೆ, ಇದು ಓದಿದವರ ಮತ್ತು ಓದದವರ ನಡುವಿನ ಅಂತರ, ಓದಿಸಿದರೆ ಆಗುವ ಬದಲಾವಣೆಯ ಅಳತೆಯಲ್ಲ ಎಂದು ಸೇರಿಸಿದೆ. ಅವರು ಪುಟ ತಿರುವಿ, "ಸಂಬಳಕ್ಕೆ ದುಡಿಯದ ಹೆಣ್ಣುಮಕ್ಕಳು ಈ ಅಂಕಿಯಲ್ಲಿ ಎಲ್ಲಿದ್ದಾರೆ?" ಎಂದರು. `mroz`ನ 753ರಲ್ಲಿ 325 ಮಂದಿಯ ಸಂಬಳದ ಅಂಕಣ ಖಾಲಿಯಿದ್ದದ್ದು, ಅದನ್ನು ನಾನು ಒಂದೇ `subset` ಸಾಲಿನಲ್ಲಿ ಹೊರಗಿಟ್ಟದ್ದು ನೆನಪಾಯಿತು. ಆಯ್ಕೆಯ ಪಕ್ಷಪಾತಕ್ಕೆ ಜೇಮ್ಸ್ ಹೆಕ್‌ಮನ್ ರೂಪಿಸಿದ ತಿದ್ದುಪಡಿಯ ಅಧ್ಯಾಯವನ್ನು ಮರುದಿನ ಬೆಳಿಗ್ಗೆ ತೆರೆದೆ.